ಅರುವತ್ತು ಅಂತ ಕೊಟ್ರೆ ಅರುವತ್ತರಲ್ಲೇ ನಿಲ್ಬೇಕು: ಸ್ಟೇಟ್ ಫೀಡ್‌ಬ್ಯಾಕಿಗೆ ಇಂಟಿಗ್ರೇಟರ್ ಸೇರಿಸುದು

ಪ್ರಶ್ನೆ: ಸರ್, ನಮ್ದು ಬದಿಯಡ್ಕ ಹತ್ರ ತೋಟ. ಫೈನಲ್ ಇಯರ್ ಪ್ರಾಜೆಕ್ಟಿಗೆ ಅಡಿಕೆ ಒಣಗಿಸುವ ಸಣ್ಣ ಡ್ರೈಯರ್ ಮಾಡಿದ್ದೇನೆ, 2 ಕಿಲೋವ್ಯಾಟಿನ ಹೀಟರ್. ಒಳಗಿನ ಗಾಳಿಗೊಂದು, ಹೀಟರ್ ಪ್ಲೇಟಿಗೊಂದು ಸೆನ್ಸರ್ ಉಂಟು. ಸ್ಟೇಟ್ ಫೀಡ್‌ಬ್ಯಾಕ್ k1 = 0.125, k2 = 0.05, ರೆಫರೆನ್ಸಿಗೆ N = 0.275 ಹಾಕಿದ್ದೇನೆ. ಖಾಲಿ ಇದ್ದಾಗ 60 ಡಿಗ್ರಿಗೆ ಸರಿಯಾಗಿ ನಿಲ್ತದೆ, ಹಸಿ ಅಡಿಕೆ ತುಂಬಿಸಿದ್ರೆ 57ರಲ್ಲೇ ಬಾಕಿ. N ಜಾಸ್ತಿ ಮಾಡಿದ್ರೆ ಆ ದಿನ ಸರಿ, ಅಡಿಕೆ ಒಣಗಿದ ಮೇಲೆ 60 ದಾಟ್ತದೆ. ಇಂಟಿಗ್ರಲ್ ಸೇರಿಸು ಅಂತಾರೆ, ಸ್ಟೇಟ್ ಫೀಡ್‌ಬ್ಯಾಕಲ್ಲಿ ಅದನ್ನು ಎಲ್ಲಿ ಸೇರಿಸುದು?

ಉತ್ತರ: ನಿಮ್ಮ ಮಾಡೆಲ್ ತಪ್ಪಿಲ್ಲ, ಗೇನೂ ತಪ್ಪಿಲ್ಲ. ತಪ್ಪು ಇರುದು N ಮೇಲೆ ಇಟ್ಟ ನಂಬಿಕೆಯಲ್ಲಿ. ಅದು ಯಾಕೆ ಅಂತ ಲೆಕ್ಕದಲ್ಲೇ ನೋಡುವ, ಯಾಕಂದ್ರೆ ಆ ಲೆಕ್ಕ ಒಮ್ಮೆ ಕಣ್ಣಿಗೆ ಬಿದ್ರೆ ಇಂಟಿಗ್ರೇಟರ್ ಎಲ್ಲಿ ಕೂರ್ಬೇಕು ಅಂತ ಯಾರೂ ಹೇಳಿಕೊಡ್ಬೇಕಾಗಿಲ್ಲ.

ನಿಮ್ಮ ಡ್ರೈಯರಿನಂಥದಕ್ಕೆ ನಾನು ಇಲ್ಲಿ ಇಟ್ಟುಕೊಳ್ಳುವ ಮಾಡೆಲ್ ಇದು, ಟೈಮ್ ನಿಮಿಷದಲ್ಲಿ, ಟೆಂಪರೇಚರ್ ಎಲ್ಲ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅಂತ ಲೆಕ್ಕ, ಹೊರಗೆ 30 ಡಿಗ್ರಿ ಅಂತ ಹಿಡಿದುಕೊಳ್ಳಿ. x1 ಹೇಳಿದ್ರೆ ಒಳಗಿನ ಗಾಳಿ, x2 ಹೇಳಿದ್ರೆ ಪ್ಲೇಟ್, u ಕಿಲೋವ್ಯಾಟಲ್ಲಿ:

```
x1' = -0.2*x1 + 0.1*x2
x2' =  0.2*x1 - 0.2*x2 + 4*u
```

ನಿಮಗೆ ಬೇಕಾದ್ದು 60 ಡಿಗ್ರಿ, ಅಂದ್ರೆ r = 30. ಎಲ್ಲ ಒಂದು ಕಡೆ ನಿಂತ ಮೇಲೆ ಮೇಲಿನ ಸಾಲು ಸೊನ್ನೆ ಆಗ್ಬೇಕಾದ್ರೆ x2 = 60 ಬೇಕು, ಕೆಳಗಿನದ್ದು ಸೊನ್ನೆ ಆಗ್ಬೇಕಾದ್ರೆ u = 1.5 ಕಿಲೋವ್ಯಾಟ್ ಬೇಕು. ಈಗ ನಿಮ್ಮ ಕಂಟ್ರೋಲರ್ ನೋಡಿ. ಫೀಡ್‌ಬ್ಯಾಕ್ ಭಾಗ -0.125*30 - 0.05*60, ಒಟ್ಟು -6.75. ಗಮನಿಸಿ, 60 ಡಿಗ್ರಿಯಲ್ಲಿ ನಿಂತಾಗಲೂ ನಿಮ್ಮ ಫೀಡ್‌ಬ್ಯಾಕ್ ಹೀಟರನ್ನು 6.75 ಕಿಲೋವ್ಯಾಟಿನಷ್ಟು ಕೆಳಗೆ ಎಳೀತಾ ಉಂಟು, ಯಾಕಂದ್ರೆ ಅದಕ್ಕೆ ಗೊತ್ತಿರುದು ಒಂದೇ ಕೆಲಸ, ಎಲ್ಲ ಸ್ಟೇಟನ್ನು ಸೊನ್ನೆಗೆ ತರುದು. ರೆಗ್ಯುಲೇಟರ್ ಅಂದ್ರೆ ಅದೇ. ಆ ಎಳೆತವನ್ನು ಕಳೆದು ಮೇಲೆ 1.5 ಉಳೀಬೇಕಾದ್ರೆ ಆಚೆಯಿಂದ ಯಾರಾದ್ರೂ 8.25 ಕೊಡ್ಬೇಕು. ನಿಮ್ಮ N*r ಅದನ್ನೇ ಕೊಡ್ತದೆ, 0.275*30 = 8.25. ಖಾಲಿ ಡ್ರೈಯರಿಗೆ ಸರಿಯಾಗಿ ಹೊಂದಿತು.

ಹಸಿ ಅಡಿಕೆ ಹಾಕಿದ್ರೆ ಎಂತ ಆಗ್ತದೆ? ನೀರು ಆವಿ ಆಗ್ಲಿಕ್ಕೆ ಒಳಗಿನ ಗಾಳಿಯ ಬಿಸಿ ಹೀರಿಕೊಳ್ತದೆ. ಅದು ಸುಮಾರು 0.4 ಕಿಲೋವ್ಯಾಟ್ ಅಂತ ಇಟ್ಟುಕೊಂಡ್ರೆ ಈ ಮಾಡೆಲಲ್ಲಿ x1' ಸಾಲಿಗೆ ನಿಮಿಷಕ್ಕೆ -0.8 ಡಿಗ್ರಿ ಸೇರ್ತದೆ. ಅದೇ k, ಅದೇ N ಇಟ್ಟು ಮತ್ತೆ ಬಿಡಿಸಿದ್ರೆ 1.1*x1 = 33 - 3.2 ಬರ್ತದೆ, x1 = 27.1. ಹೊರಗಿನ 30 ಕೂಡಿಸಿ 57.1. ನಿಮ್ಮ 57 ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ. ಈಗ 60ರಲ್ಲಿ ನಿಲ್ಲಿಸ್ಲಿಕ್ಕೆ ಪ್ಲೇಟಿನ x2 68ಕ್ಕೆ ಹೋಗ್ಬೇಕು, ಹೀಟರ್ 1.9 ಕೊಡ್ಬೇಕು, ಅಂದ್ರೆ ಆಚೆಯಿಂದ ಬರ್ಬೇಕಾದ್ದು 8.25 ಅಲ್ಲ, 3.75 + 3.4 + 1.9 = 9.05. N ಮಾತ್ರ ಹಠ ಹಿಡಿದು 8.25 ಕೊಡ್ತಾ ಕೂತಿದೆ. ನೀವು N ಏರಿಸಿದ ದಿನ ಅದು 9.05 ಕೊಟ್ಟಿತು, ಅಡಿಕೆ ಒಣಗಿದ ಮೇಲೆ ಬೇಕಾದ್ದು ಪುನಃ 8.25, ಕೊಡುದು ಮಾತ್ರ 9.05, ಹಾಗೆ ಮೇಲೆ ಹೋಯ್ತು. ಸಂಜೆ ಹೊತ್ತಿಗೆ ವೋಲ್ಟೇಜ್ ಇಳಿದ್ರೂ ಅದೇ ಕಥೆ, 230 ಇದ್ದದ್ದು 200 ಆದ್ರೆ ಹೀಟರಿನ ಪವರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ 76 ಪರ್ಸೆಂಟಿಗೆ ಬೀಳ್ತದೆ, ಆಗ ಖಾಲಿ ಡ್ರೈಯರೂ ನಿಮ್ಮ N ಹಾಕಿ 58.3ರಲ್ಲಿ ನಿಲ್ತದೆ. ಫೀಡ್‌ಬ್ಯಾಕ್ ಇರುದ್ರಿಂದ ಅಷ್ಟಕ್ಕೇ ನಿಂತಿತು, ಅದೂ ಇಲ್ಲದಿದ್ರೆ 52.7. ಅಂದ್ರೆ ಫೀಡ್‌ಬ್ಯಾಕ್ ಎರರನ್ನು ಕಡಿಮೆ ಮಾಡ್ತದೆ, ಪೂರ್ತಿ ತೆಗೀಲಿಕ್ಕೆ ಅದರಿಂದ ಆಗುದಿಲ್ಲ.

ಹಾಗಾದ್ರೆ ಬೇಕಾದ್ದು ಎಂತ? ಇವತ್ತಿಗೆ 8.25, ನಾಳೆಗೆ 9.05, ನಾಡಿದ್ದು ಇನ್ನೇನೋ, ಅದನ್ನು ನಮ್ಮ ಹತ್ರ ಕೇಳದೆ ತಾನೇ ಹುಡುಕಿಕೊಳ್ಳುವ ಒಂದು ಜಾಗ. ಆ ಜಾಗವೇ ಇಂಟಿಗ್ರೇಟರ್. N*r ಇದ್ದ ಜಾಗದಲ್ಲಿ ಅದನ್ನು ಕೂರಿಸುದು, ಅಷ್ಟೆ:

```
z' = r - x1
u  = -k1*x1 - k2*x2 + ki*z
```

z ಅನ್ನುದು ಈಗ ಮೂರನೇ ಸ್ಟೇಟ್. ಅದು ಡ್ರೈಯರಿನ ಒಳಗೆ ಇಲ್ಲ, ನಿಮ್ಮ ಮೈಕ್ರೋಕಂಟ್ರೋಲರಿನ ಮೆಮೊರಿಯಲ್ಲಿ ಉಂಟು, ಆದ್ರೆ ಗಣಿತಕ್ಕೆ ಆ ಭೇದ ಇಲ್ಲ.

ಇದು ಯಾಕೆ ಎರರನ್ನು ಸೊನ್ನೆ ಮಾಡ್ತದೆ ಅನ್ನುದಕ್ಕೆ ಒಂದೇ ಸಾಲಿನ ಕಾರಣ ಉಂಟು, ಅದನ್ನು ನಿಧಾನಕ್ಕೆ ಓದಿ. ಲೂಪ್ ಸ್ಟೇಬಲ್ ಆಗಿದ್ದು, ರೆಫರೆನ್ಸೂ ಹೊರಗಿನ ತೊಂದರೆಗಳೂ ಬದಲಾಗದೆ ಇದ್ರೆ, ಕೊನೆಗೆ ಎಲ್ಲ ಸ್ಟೇಟೂ ಒಂದು ಕಡೆ ನಿಲ್ತದೆ, z ಕೂಡ ನಿಲ್ತದೆ, z ನಿಂತಿತು ಅಂದ್ರೆ z' = 0, z' = 0 ಅಂದ್ರೆ r - x1 = 0. ಈ ವಾದದಲ್ಲಿ 0.2 ಎಲ್ಲೂ ಬಂದಿಲ್ಲ, 4 ಬಂದಿಲ್ಲ, ಅಡಿಕೆಯ ನೀರು ಎಷ್ಟು ಅಂತ ಬಂದಿಲ್ಲ, ki ಎಷ್ಟು ಅಂತಲೂ ಬಂದಿಲ್ಲ. ಬಂದದ್ದು ಸ್ಟೇಬಲ್ ಅನ್ನುವ ಒಂದೇ ಶಬ್ದ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದೇ, ಮಾಡೆಲಿನ ನಂಬರ್ ತಪ್ಪಾದ್ರೆ 60 ತಲುಪುವ ದಾರಿ ಹಾಳಾಗ್ಬಹುದು, ತಲುಪುವ ಜಾಗ ಹಾಳಾಗುದಿಲ್ಲ. N ಹಾಕಿದಾಗ ತಲುಪುವ ಜಾಗವೇ ಮಾಡೆಲಿನ ಮೇಲೆ ನಿಂತಿತ್ತು.

ಈಗ ಗೇನ್. ಇಲ್ಲಿ ತುಂಬ ಜನ ಮಾಡುವ ಕೆಲಸ ಎಂತ ಅಂದ್ರೆ ಹಳೆ k1, k2 ಹಾಗೇ ಬಿಟ್ಟು ki ಅಂತ ಒಂದು ನಂಬರ್ ಅಂದಾಜಿಗೆ ಹಾಕಿ ನೋಡುದು. ಹಾಗೆ ಮಾಡ್ಬೇಡಿ, ಯಾಕಂದ್ರೆ z ಸೇರಿದ ಕೂಡಲೇ ಇದು ಮೂರು ಸ್ಟೇಟಿನ ಸಿಸ್ಟಮ್, ಮೊದಲಿನ ಎರಡು ಪೋಲೂ ಇದ್ದಲ್ಲೇ ಇರುದಿಲ್ಲ, ಮೂರನ್ನೂ ಒಟ್ಟಿಗೆ ಇಡ್ಬೇಕು. ಮೂರು ಸಾಲನ್ನು ಸೇರಿಸಿ ಕ್ಯಾರೆಕ್ಟರಿಸ್ಟಿಕ್ ಪಾಲಿನಾಮಿಯಲ್ ತೆಗೆದ್ರೆ ಹೀಗೆ ಬರ್ತದೆ:

```
s^3 + (0.4 + 4*k2)*s^2 + (0.02 + 0.8*k2 + 0.4*k1)*s + 0.4*ki
```

ಪೋಲ್ ಎಲ್ಲಿಡುದು? ನಿಮ್ಮ ಡ್ರೈಯರಿನ ಸ್ವಂತ ಪೋಲ್ -0.059 ಮತ್ತು -0.341, ಅಂದ್ರೆ ನಿಧಾನದ ಟೈಮ್ ಕಾನ್ಸ್‌ಟಂಟ್ 17 ನಿಮಿಷ. 2 ಕಿಲೋವ್ಯಾಟ್ ಹೀಟರ್ ಇಟ್ಟುಕೊಂಡು ಅದನ್ನು ಒಂದು ನಿಮಿಷಕ್ಕೆ ತರ್ತೇನೆ ಅಂದ್ರೆ ಆಗುವ ಕೆಲಸ ಅಲ್ಲ. ನಾನು -0.1, -0.2, -0.3 ತಗೊಳ್ತೇನೆ. ಗುಣಿಸಿದ್ರೆ s^3 + 0.6*s^2 + 0.11*s + 0.006. ಒಂದೊಂದಾಗಿ ಹೊಂದಿಸಿ: 0.4 + 4*k2 = 0.6, ಹಾಗಾಗಿ k2 = 0.05. ನಡುವಿನದ್ದರಿಂದ k1 = 0.125. ಕೊನೆಯದ್ದರಿಂದ ki = 0.015.

k1, k2 ನಿಮ್ಮದೇ ಬಂತು ಅಂತ ಆಶ್ಚರ್ಯ ಆಗ್ಬಹುದು. ಅದು ತನ್ನಷ್ಟಕ್ಕೆ ಬಂದದ್ದಲ್ಲ, ನಿಮ್ಮ ಹಳೆ ಲೂಪಿನ ಪಾಲಿನಾಮಿಯಲ್ s^2 + 0.6*s + 0.11 ಆಗಿತ್ತು, ಅದೇ 0.6, 0.11 ಉಳಿಯುವ ಹಾಗೆ ನಾನು ಮೂರು ಪೋಲ್ ಆರಿಸಿದ್ದು, ನಿಮ್ಮ ಕೋಡಲ್ಲಿ ಒಂದು ಸಾಲು ಮಾತ್ರ ಬದಲಾದ್ರೆ ಹಳತು ಹೊಸತು ಹೋಲಿಸ್ಲಿಕ್ಕೆ ಸುಲಭ ಅಂತ. ಪೋಲ್ ಮಾತ್ರ ಬದಲಾಗಿದೆ ನೋಡಿ, ಮೊದಲು -0.3 ± 0.14j ಇದ್ದ ಜೋಡಿ ಈಗ ಇಲ್ಲ. ಬೇರೆ ಪೋಲ್ ಬೇಕಾದ್ರೆ k1, k2 ಕೂಡ ಬದಲಾಗ್ತದೆ.

ಮ್ಯಾಟ್‌ಲ್ಯಾಬಲ್ಲಿ ತಾಳೆ ನೋಡುದಾದ್ರೆ:

```
A = [-0.2 0.1; 0.2 -0.2];  B = [0; 4];  C = [1 0];
Aa = [A zeros(2,1); -C 0]; Ba = [B; 0];
K = place(Aa, Ba, [-0.1 -0.2 -0.3])
```

ಉತ್ತರ 0.125, 0.05, -0.015 ಅಂತ ಬರ್ತದೆ. ಆ ಮೈನಸ್ ನೋಡಿ ಹೆದರ್ಬೇಡಿ, ಅಲ್ಲಿ ನಿಯಮ u = -K*[x; z], ನಾವು ಬರ್ದದ್ದು + ki*z, ಎರಡೂ ಒಂದೇ. `lqi` ಬಳಸಿದ್ರೂ ಇದೇ ನಿಯಮ. ಆದ್ರೆ ಆ -0.015ನ್ನು ಹಾಗೇ ತೆಗೆದು + ki*z ಅಂತ ಇರುವ ಕೋಡಿಗೆ ಹಾಕಿದವರು ತುಂಬ ಜನ. ಅದನ್ನು ಗುರುತಿಸುದು ಸುಲಭ: ಡ್ರೈಯರ್ ತಣ್ಣಗೆ ಇರುವಾಗ ಸ್ವಿಚ್ ಹಾಕಿದ್ರೆ ಹೀಟರ್ ಆನ್ ಆಗುದೇ ಇಲ್ಲ, ಎರರ್ ಕೂಡಿದ ಹಾಗೆ u ಇನ್ನೂ ಮೈನಸಿಗೆ ಹೋಗ್ತಾ ಇರ್ತದೆ.

ಈಗ ಇದು ಹೇಗೆ ನಡೀತದೆ ನೋಡುವ. ಈ ಮೂರು ಪೋಲಿಗೆ ಖಾಲಿ ಡ್ರೈಯರಿನ ಉತ್ತರ ತುಂಬ ಚೆಂದ ಬರ್ತದೆ, x1 = 30*(1 - exp(-0.1*t))^3. ಓವರ್‌ಶೂಟ್ ಇಲ್ಲ. 40 ನಿಮಿಷಕ್ಕೆ 58.4, 50ಕ್ಕೆ 59.4, ಒಂದು ಗಂಟೆಗೆ 59.8. ಹೀಟರ್ ಸೊನ್ನೆಯಿಂದ ಮೆಲ್ಲ ಏರಿ 13ನೇ ನಿಮಿಷದ ಹೊತ್ತಿಗೆ 1.8 ಕಿಲೋವ್ಯಾಟ್ ಮುಟ್ಟಿ ಮತ್ತೆ 1.5ಕ್ಕೆ ಇಳೀತದೆ, ಅಂದ್ರೆ ನಿಮ್ಮ 2 ಕಿಲೋವ್ಯಾಟಿನ ಒಳಗೇ ಉಂಟು. ನಿಮ್ಮ ಹಳೆ N ಮೊದಲ ಕ್ಷಣವೇ 8.25 ಕಿಲೋವ್ಯಾಟ್ ಕೇಳ್ತಿತ್ತು, ಹೀಟರ್ ಅಷ್ಟು ಕೊಡ್ತಾ ಇರ್ಲಿಲ್ಲ, ಅದು ನಿಮಗೆ ಕಂಡಿರ್ಲಿಕ್ಕಿಲ್ಲ.

z ಎಲ್ಲಿ ನಿಲ್ತದೆ? 550. ಅದನ್ನು ki ಇಂದ ಗುಣಿಸಿ, 0.015*550 = 8.25. ನೀವು ಕಷ್ಟಪಟ್ಟು ಲೆಕ್ಕ ಹಾಕಿ ಕೊಟ್ಟ ಅದೇ 8.25, ಇಂಟಿಗ್ರೇಟರ್ ಯಾರನ್ನೂ ಕೇಳದೆ ಹುಡುಕಿಕೊಂಡಿತು. ಹಸಿ ಅಡಿಕೆ ಹಾಕಿದ್ರೆ z ಮೇಲೆ ಹೋಗಿ 603ರಲ್ಲಿ ನಿಲ್ತದೆ, 0.015*603 = 9.05. ನಿಮ್ಮ ಬೋರ್ಡಲ್ಲಿ x1, x2, u ಜೊತೆ z ಕೂಡ ಲಾಗ್ ಮಾಡಿ ಇಡಿ, ಅದು ಬರೀ ಲೆಕ್ಕದ ನಂಬರ್ ಅಲ್ಲ, ಇವತ್ತು ಡ್ರೈಯರಿನ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ಹೇಳುವ ಮೀಟರ್. ಅಡಿಕೆ ಒಣಗಿದ ಹಾಗೆ z 603ರಿಂದ 550ರ ಕಡೆ ಇಳಿಯುದು ನಿಮಗೆ ಕಾಣ್ಬೇಕು, ಅಷ್ಟರ ಮಟ್ಟಿಗೆ ಅಡಿಕೆ ಎಷ್ಟು ಒಣಗಿತು ಅಂತ ಬಾಗಿಲು ತೆರೆಯದೆ ಗೊತ್ತಾಗ್ತದೆ.

60ರಲ್ಲಿ ಓಡ್ತಾ ಇರುವಾಗ ನಡುವಲ್ಲಿ ಒಮ್ಮೆಲೇ ಆ 0.4 ಕಿಲೋವ್ಯಾಟಿನ ಭಾರ ಬಿತ್ತು ಅಂತಾದ್ರೆ ಟೆಂಪರೇಚರ್ 8 ನಿಮಿಷಕ್ಕೆ 2.5 ಡಿಗ್ರಿ ಇಳಿದು ಮತ್ತೆ ಏರ್ಲಿಕ್ಕೆ ಶುರು ಮಾಡ್ತದೆ, ಅರ್ಧ ಗಂಟೆಗೆ ಬಾಕಿ 0.6, 40 ನಿಮಿಷಕ್ಕೆ 0.2. ಇದನ್ನು ಹೇಳ್ಲಿಕ್ಕೆ ಕಾರಣ ಉಂಟು. ಇಂಟಿಗ್ರೇಟರ್ ಎರರನ್ನು ಬರದ ಹಾಗೆ ಮಾಡುದಿಲ್ಲ, ಬಂದ ಎರರನ್ನು ನಿಧಾನಕ್ಕೆ ತಿಂದು ಮುಗಿಸ್ತದೆ. ಪ್ರಾಜೆಕ್ಟ್ ವೈವಾದಲ್ಲಿ ಸೊನ್ನೆ ಎರರ್ ಅಂತ ಹೇಳಿ, ಆಮೇಲೆ ಬಾಗಿಲು ತೆರೆದು ತೋರಿಸಿದಾಗ 2 ಡಿಗ್ರಿ ಇಳಿದ್ರೆ ನೀವು ಹೇಳಿದ್ದು ಸುಳ್ಳಾಗುದಿಲ್ಲ, ನಿಂತ ಮೇಲಿನ ಎರರ್ ಸೊನ್ನೆ ಅಂತ ಶಬ್ದ ಸರಿಯಾಗಿ ಬಳಸಿದ್ರೆ ಆಯ್ತು.

ಹಾಗಾದ್ರೆ ki ಜಾಸ್ತಿ ಮಾಡಿ ಬೇಗ ತಿನ್ನಿಸಿದ್ರೆ ಆಗುದಿಲ್ವಾ? ಸ್ವಲ್ಪ ಮಟ್ಟಿಗೆ ಆಗ್ತದೆ, ಆಮೇಲೆ ಆಗುದಿಲ್ಲ. ಇದೇ k1, k2ಗೆ ರೌತ್ ಟೆಸ್ಟ್ ಹಾಕಿದ್ರೆ 0.6*0.11 > 0.4*ki ಇರ್ಬೇಕು, ಅಂದ್ರೆ ki 0.165 ದಾಟ್ಬಾರ್ದು. ಅಲ್ಲಿಗೆ ಹೋಗುವ ಮೊದಲೇ ಟೆಂಪರೇಚರ್ ಮೇಲೆ ಕೆಳಗೆ ತೂಗ್ಲಿಕ್ಕೆ ಶುರು ಆಗ್ತದೆ, ಗಡಿಯಲ್ಲಿ ಒಂದು ತೂಗಾಟಕ್ಕೆ ಸುಮಾರು 19 ನಿಮಿಷ. ನಮ್ಮ 0.015 ಆ ಗಡಿಯ ಹನ್ನೊಂದರಲ್ಲಿ ಒಂದು ಪಾಲು, ಹಾಗಾಗಿ ಮಾಡೆಲ್ ಸ್ವಲ್ಪ ಹೆಚ್ಚು ಕಡಿಮೆ ಆದ್ರೂ ಸ್ಟೇಬಲ್ ಆಗಿ ಉಳೀತದೆ.

ಹೆಚ್ಚಿನವರು ಆ ಗಡಿ ದಾಟುದು ಬೇಕಂತ ಅಲ್ಲ, ಯೂನಿಟ್ ತಪ್ಪಿ. ನಮ್ಮ ki ನಿಮಿಷದ ಲೆಕ್ಕದ್ದು. ನೀವು 10 ಸೆಕೆಂಡಿಗೊಮ್ಮೆ ಸ್ಯಾಂಪಲ್ ತೆಗೆದು z = z + e*10 ಅಂತ ಬರೆದ್ರೆ ki ಅರುವತ್ತು ಪಟ್ಟು ಆದ ಹಾಗೆ, 0.9, ಗಡಿ ಎಲ್ಲೋ ಹಿಂದೆ ಉಳಿಯಿತು. ನಾನು ಕುಂಬಳೆ ಕಡೆ ಒಂದು ಕೊಬ್ಬರಿ ಡ್ರೈಯರಲ್ಲಿ ಇದೇ ತಪ್ಪು ಮಾಡಿದ್ದೆ. ಹೀಟರ್ ಪೂರ್ತಿ ಆನ್, ಪೂರ್ತಿ ಆಫ್, ಪುನಃ ಪೂರ್ತಿ ಆನ್, ಪಟ್ಟು ಬಿಡದ ಹಾಗೆ ತೂಗ್ತಾ ಇತ್ತು, ನಾನು ಒಂದು ಇಡೀ ದಿನ ಸೆನ್ಸರ್ ವಯರ್, ರಿಲೇ, ಅರ್ತಿಂಗ್ ಅಂತ ಹುಡುಕಿದೆ, ಸಾಯಂಕಾಲ ಕಾಗದದಲ್ಲಿ ki*Ts ಎಷ್ಟು ಅಂತ ಬರೆದು ನೋಡಿದಾಗ ಗೊತ್ತಾಯ್ತು. ಅಂದಿನಿಂದ ನಾನು ಪ್ರತಿ ಗೇನಿನ ಪಕ್ಕದಲ್ಲಿ ಅದರ ಯೂನಿಟ್ ಬರೀತೇನೆ: k1, k2 ಡಿಗ್ರಿಗೆ ಇಷ್ಟು ಕಿಲೋವ್ಯಾಟ್, ki ಡಿಗ್ರಿ-ನಿಮಿಷಕ್ಕೆ ಇಷ್ಟು ಕಿಲೋವ್ಯಾಟ್.

ಇನ್ನು ಮುಖ್ಯದ್ದು, ಇದನ್ನು ಬಿಟ್ರೆ ನಿಮ್ಮ ಡ್ರೈಯರ್ ಒಂದು ದಿನ ಅಡಿಕೆ ಕರಕು ಮಾಡ್ತದೆ. ಮೇಲಿನ ವಾದದಲ್ಲಿ z ಕೊನೆಗೆ ನಿಲ್ತದೆ ಅಂದೆ. ನಿಲ್ಬೇಕಾದ್ರೆ ಬೇಕಾದಷ್ಟು ಪವರ್ ಹೀಟರಿನ ಕೈಯಲ್ಲಿ ಇರ್ಬೇಕು. ಹಸಿ ಅಡಿಕೆ ತುಂಬಿದೆ, ಸಂಜೆ ವೋಲ್ಟೇಜ್ 200ಕ್ಕೆ ಬಿತ್ತು ಅಂತ ಇಟ್ಟುಕೊಳ್ಳಿ. ಈಗ 2 ಕಿಲೋವ್ಯಾಟಿನ ಹೀಟರ್ ಪೂರ್ತಿ ಉರಿದ್ರೂ ಕೊಡುದು 1.51. ಅದರಲ್ಲಿ 0.4 ನೀರಿಗೆ ಹೋಯ್ತು, ಉಳಿದದ್ದರಲ್ಲಿ ಟೆಂಪರೇಚರ್ 52 ಮುಟ್ಟಿ ಅಲ್ಲೇ ನಿಲ್ತದೆ. ಯಾವ ಕಂಟ್ರೋಲರ್ ಹಾಕಿದ್ರೂ 60 ಆಗುದಿಲ್ಲ, ಇಲ್ದ ಬಿಸಿಯನ್ನು ಗಣಿತ ಹುಟ್ಟಿಸ್ಲಿಕ್ಕಿಲ್ಲ. ಆದ್ರೆ z ಅದನ್ನು ತಿಳ್ಕೊಳ್ಳುದಿಲ್ಲ. ಎರರ್ 7.8 ಡಿಗ್ರಿ ಉಂಟು, ನಿಮಿಷ ನಿಮಿಷಕ್ಕೂ 7.8 ಕೂಡಿಸ್ತಾ ಹೋಗ್ತದೆ, ಒಂದು ಗಂಟೆಗೆ ಸುಮಾರು 465, ಅದನ್ನು 0.015ರಿಂದ ಗುಣಿಸಿದ್ರೆ 7 ಕಿಲೋವ್ಯಾಟ್. ಹೀಟರಿಗೆ ಕೊಡ್ಲಿಕ್ಕೆ ಆಗದ 7 ಕಿಲೋವ್ಯಾಟ್ ಮೆಮೊರಿಯಲ್ಲಿ ಸಾಲದ ಹಾಗೆ ಬೆಳೆದು ಕೂತಿದೆ.

ಆಮೇಲೆ ವೋಲ್ಟೇಜ್ ಪುನಃ 230 ಆಯ್ತು. ಟೆಂಪರೇಚರ್ 60 ದಾಟ್ತದೆ, ಎರರ್ ಮೈನಸ್ ಆಗ್ತದೆ, ಈಗ z ಇಳೀಬೇಕು. ಎಷ್ಟು ಬೇಗ? ಹಸಿ ಅಡಿಕೆಯ ಜೊತೆ 2 ಕಿಲೋವ್ಯಾಟ್ ಪೂರ್ತಿ ಉರಿದ್ರೆ 62ರಲ್ಲಿ ನಿಲ್ತದೆ, ಅಂದ್ರೆ ಎರರ್ ಬರೀ -2, ಗಂಟೆಗಟ್ಲೆ ಏರಿದ್ದು ನಿಮಿಷಕ್ಕೆ ಎರಡರ ಹಾಗೆ ಇಳೀಬೇಕು. ಲೆಕ್ಕ ಹಾಕಿ ನೋಡಿದ್ರೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಹೀಟರ್ ಫುಲ್ಲಲ್ಲೇ ಇರ್ತದೆ. ಆ ನಡುವೆ ಅಡಿಕೆ ಒಣಗಿ ನೀರಿನ ಭಾರ ಹೋದ್ರೆ ಟೆಂಪರೇಚರ್ 70ರ ಕಡೆ ಹೋಗ್ತದೆ. ಇದಕ್ಕೆ ವೈಂಡಪ್ ಅಂತ ಹೆಸರು. ಗುರುತು ಏನಂದ್ರೆ ಸೆಟ್‌ಪಾಯಿಂಟ್ ದಾಟಿ ತುಂಬ ಹೊತ್ತಾದ್ರೂ ಹೀಟರ್ ಕಡಿಮೆ ಆಗದೆ ಇರುದು. ki ಕಡಿಮೆ ಮಾಡಿದ್ರೆ ಇದು ಹೋಗುದಿಲ್ಲ. ಔಟ್‌ಪುಟ್ ಗಡಿಯಲ್ಲಿ ಕೂತಿರುವಾಗ z ಅನ್ನು ಅದೇ ದಿಕ್ಕಿಗೆ ಕೂಡಿಸುದನ್ನು ನಿಲ್ಲಿಸ್ಬೇಕು:

```
Ts = 10/60                     # min
e = r - x1
u_raw = -0.125*x1 - 0.05*x2 + 0.015*z
u = min(max(u_raw, 0), 2)
stuck = (u_raw > 2 and e > 0) or (u_raw < 0 and e < 0)
if not stuck:
    z = z + e*Ts
```

ಕೊನೆಯ ಮೂರು ಸಾಲು ಬಹಳ ಸಣ್ಣದು, ಆದ್ರೆ ಮೇಲಿನ ಆ ಮೂರು ಗಂಟೆಯನ್ನು ಉಳಿಸುದು ಅದೇ. ಇನ್ನೊಂದು, ನೀವು ಕೈಯಲ್ಲಿ ಹೀಟರ್ ಓಡಿಸಿ ಆಮೇಲೆ ಆಟೋಗೆ ಹಾಕುದಾದ್ರೆ z ಅನ್ನು ಸೊನ್ನೆಯಿಂದ ಶುರು ಮಾಡ್ಬೇಡಿ. 60 ಡಿಗ್ರಿಯಲ್ಲಿ ಓಡ್ತಾ ಇರುವಾಗ z = 0 ಆದ್ರೆ ಫೀಡ್‌ಬ್ಯಾಕ್ -6.75 ಅಂತ ಹೇಳಿ ಹೀಟರನ್ನು ಪೂರ್ತಿ ಆಫ್ ಮಾಡ್ತದೆ. ಬದಲಿಗೆ ಆ ಕ್ಷಣದಲ್ಲಿ z = (u + 0.125*x1 + 0.05*x2)/0.015 ಅಂತ ತುಂಬಿಸಿ, u ಅಂದ್ರೆ ನೀವು ಕೈಯಲ್ಲಿ ಕೊಡ್ತಾ ಇದ್ದ ಪವರ್. ಆಗ ಬದಲಾದದ್ದು ಹೀಟರಿಗೆ ಗೊತ್ತೇ ಆಗುದಿಲ್ಲ.

ಸೆನ್ಸರ್ ಬಗ್ಗೆ ಎರಡು ಮಾತು, ಯಾಕಂದ್ರೆ ನಿಮ್ಮ ಎರಡು ಸೆನ್ಸರ್ ಒಂದೇ ತೂಕದ್ದಲ್ಲ. ಪ್ಲೇಟಿನ ಸೆನ್ಸರ್ 5 ಡಿಗ್ರಿ ಹೆಚ್ಚು ತೋರಿಸ್ತದೆ ಅಂತಾದ್ರೆ u 0.25 ಕಿಲೋವ್ಯಾಟ್ ಕಡಿಮೆ ಆಗ್ತದೆ, z ಅದನ್ನು ಇನ್ನೊಂದು ಭಾರ ಅಂತ ತಿಳಿದು 16.7ರಷ್ಟು ಮೇಲೆ ಹೋಗಿ ಸರಿ ಮಾಡ್ತದೆ, ಒಳಗಿನ ಗಾಳಿ 60ರಲ್ಲೇ ನಿಲ್ತದೆ. ಆದ್ರೆ ಗಾಳಿಯ ಸೆನ್ಸರ್ 2 ಡಿಗ್ರಿ ಹೆಚ್ಚು ತೋರಿಸಿದ್ರೆ ಒಳಗೆ ನಿಜವಾಗಿ 58 ಇರ್ತದೆ, ಸ್ಕ್ರೀನಲ್ಲಿ ಮಾತ್ರ 60.0 ಅಂತ ನಿಷ್ಠೆಯಿಂದ ಕಾಣ್ತದೆ. ಇಂಟಿಗ್ರೇಟರ್ ಸೊನ್ನೆ ಮಾಡುದು ತಾನು ಕಂಡ ಎರರನ್ನು. ಹಾಗಾಗಿ ಒಳ್ಳೆ ಥರ್ಮಾಮೀಟರ್ ಇಟ್ಟು ತಾಳೆ ನೋಡುವ ಕೆಲಸ ಎಲ್ಲ ಆ ಒಂದು ಸೆನ್ಸರಿಗೆ ಮಾಡಿ, ಅದನ್ನು ಅಡಿಕೆ ಇರುವ ತಟ್ಟೆಯ ಮಟ್ಟದಲ್ಲಿಡಿ, ಬಾಗಿಲ ಹತ್ರ ಅಲ್ಲ.

ಇದೇ ಕಾರಣಕ್ಕೆ ಮುಂದೆ ಪ್ಲೇಟಿನ ಸೆನ್ಸರ್ ತೆಗೆದು ಅಬ್ಸರ್ವರ್ ಹಾಕುವ ಯೋಚನೆ ಬಂದ್ರೆ, x2ಗೆ ಅಂದಾಜು ಬಳಸಿ, ತೊಂದರೆ ಇಲ್ಲ, ಆದ್ರೆ z' = r - x1 ಅನ್ನುವಲ್ಲಿ ಸೆನ್ಸರಿನ ನಿಜವಾದ x1 ಇರ್ಲಿ. ಅಬ್ಸರ್ವರಿಗೆ ಅಡಿಕೆಯ ನೀರಿನ ಸುದ್ದಿ ಗೊತ್ತಿಲ್ಲ, ಹಾಗಾಗಿ ಅದರ ಅಂದಾಜು x1 ನಿಜದ್ದಕ್ಕಿಂತ ಸ್ವಲ್ಪ ಸರಿದು ನಿಲ್ತದೆ. ಅದನ್ನು ಇಂಟಿಗ್ರೇಟ್ ಮಾಡಿದ್ರೆ ಅಂದಾಜು 60 ಆಗ್ತದೆ, ಡ್ರೈಯರ್ ಆಗುದಿಲ್ಲ. ಸಿಮ್ಯುಲೇಶನಲ್ಲಿ ಎಲ್ಲ ಸರಿ ಬಂದು ಯಂತ್ರದಲ್ಲಿ ಬಾಕಿ ಉಳಿಯುದಕ್ಕೆ ನಾನು ಕಂಡ ಸಾಮಾನ್ಯ ಕಾರಣ ಇದು.

ಇದನ್ನು ಎಲ್ಲ ಕಡೆ ಸೇರಿಸ್ಲಿಕ್ಕೆ ಆಗ್ತದಾ ಅಂದ್ರೆ, ಒಂದು ಶರತ್ತು ಉಂಟು. ಸಿಸ್ಟಮ್ ಕಂಟ್ರೋಲೆಬಲ್ ಇರ್ಬೇಕು, ಜೊತೆಗೆ [A B; C 0] ಅನ್ನುವ ಮ್ಯಾಟ್ರಿಕ್ಸಿನ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿರ್ಬಾರ್ದು. ನಿಮ್ಮದಕ್ಕೆ ಅದರ ಡಿಟರ್ಮಿನೆಂಟ್ 0.4, ಸೊನ್ನೆ ಅಲ್ಲ, ಹಾಗಾಗಿ ಸರಿ. ಇದರ ಅರ್ಥ ಸರಳ: ಸ್ಥಿರವಾಗಿ ಒತ್ತಿದ u ಔಟ್‌ಪುಟನ್ನು ಸ್ಥಿರವಾಗಿ ಸರಿಸ್ಬೇಕು. ಮೇಲಿನ ತಟ್ಟೆ 60, ಕೆಳಗಿನ ತಟ್ಟೆ 55 ಅಂತ ಎರಡು ಸೆಟ್‌ಪಾಯಿಂಟ್ ಕೊಟ್ಟು ಎರಡು ಇಂಟಿಗ್ರೇಟರ್ ಹಾಕಿ, ಹೀಟರ್ ಮಾತ್ರ ಒಂದೇ ಇಟ್ರೆ ಈ ಶರತ್ತು ಮುರೀತದೆ. `place`ಗೆ ಬೇಕಾದಲ್ಲಿ ಪೋಲ್ ಇಡ್ಲಿಕ್ಕೆ ಆಗುದಿಲ್ಲ, ಹೇಗೋ ಗೇನ್ ತುರುಕಿದ್ರೂ ಎರಡು z ಒಂದು ಮೇಲೆ ಒಂದು ಕೆಳಗೆ ನಿಲ್ಲದೆ ಓಡ್ತಾ ಇರ್ತದೆ. ಎಷ್ಟು ಔಟ್‌ಪುಟನ್ನು ಸೊನ್ನೆ ಎರರಲ್ಲಿ ಹಿಡೀಬೇಕೋ ಕಡಿಮೆ ಅಂದ್ರೆ ಅಷ್ಟು ಇನ್‌ಪುಟ್ ಬೇಕು.

ಮತ್ತೆ ಸೊನ್ನೆ ಅನ್ನುದು ಬದಲಾಗದ ರೆಫರೆನ್ಸಿಗೆ, ಬದಲಾಗದ ಭಾರಕ್ಕೆ ಮಾತ್ರ. ನಿಮ್ಮ ಅಡಿಕೆಯ ನೀರು ನಿಜವಾಗಿ ಒಂದೇ ಮಟ್ಟದಲ್ಲಿ ಇರುದಿಲ್ಲ, ಮೆಲ್ಲ ಇಳೀತಾ ಇರ್ತದೆ. ಆ 0.4 ಕಿಲೋವ್ಯಾಟ್ ಹತ್ತು ಗಂಟೆಯಲ್ಲಿ ಒಂದೇ ಸಮ ಇಳಿದು ಮುಗೀತದೆ ಅಂತ ಹಿಡಿದ್ರೆ, ಅಷ್ಟು ಹೊತ್ತೂ ಟೆಂಪರೇಚರ್ 0.09 ಡಿಗ್ರಿ ಹೆಚ್ಚಲ್ಲಿ ಇರ್ತದೆ. ನಿಮ್ಮ ಸೆನ್ಸರಿಗೆ ಕಾಣದಷ್ಟು, ಬಿಟ್ಟುಬಿಡಿ. ಆದ್ರೆ ಗಂಟೆಗೆ 10 ಡಿಗ್ರಿಯ ಹಾಗೆ ಏರ್ತಾ ಹೋಗುವ ಸೆಟ್‌ಪಾಯಿಂಟ್ ಕೊಟ್ರೆ ಈ ಒಂದು ಇಂಟಿಗ್ರೇಟರ್ ಹಿಂದೆ ಬೀಳ್ತದೆ, ಅದಕ್ಕೆ ಎರಡು ಬೇಕಾಗ್ತದೆ. ಫ್ರಾನ್ಸಿಸ್ ಮತ್ತೆ ವೊನ್ಹಮ್ 1976ರಲ್ಲಿ ಇದನ್ನು ಇಂಟರ್ನಲ್ ಮಾಡೆಲ್ ಪ್ರಿನ್ಸಿಪಲ್ ಅಂತ ಕಟ್ಟಿಟ್ಟರು: ಯಾವ ತರದ ಸಿಗ್ನಲನ್ನು ಪೂರ್ತಿ ಹಿಡೀಬೇಕೋ ಆ ಸಿಗ್ನಲನ್ನು ಹುಟ್ಟಿಸುವ ಭಾಗ ಲೂಪಿನ ಒಳಗೆ ಇರ್ಬೇಕು. ಬದಲಾಗದ ಸಿಗ್ನಲನ್ನು ಹುಟ್ಟಿಸುದು ಒಂದು ಇಂಟಿಗ್ರೇಟರ್, ನಿಮಗೆ ಅಷ್ಟು ಸಾಕು.

ಈಗ ನೀವು ಮಾಡ್ಬೇಕಾದ್ದು: N ಸಾಲನ್ನು ತೆಗೀರಿ, ಮೇಲಿನ ಕೋಡ್ ಹಾಕಿ, ಮೊದಲು ಖಾಲಿ ಡ್ರೈಯರಲ್ಲಿ ಓಡಿಸಿ z 550ರ ಹತ್ರ ನಿಲ್ತದಾ ನೋಡಿ. ನಿಮ್ಮಲ್ಲಿ 520 ಬಂದ್ರೆ, 590 ಬಂದ್ರೆ ಏನೂ ತಪ್ಪಲ್ಲ, ಮಾಡೆಲ್ ಅಷ್ಟು ಆಚೀಚೆ ಉಂಟು ಅಂತ ಅರ್ಥ, ಟೆಂಪರೇಚರ್ 60ರಲ್ಲಿ ಇದ್ರೆ ಸಾಕು. ಆಮೇಲೆ ಹಸಿ ಅಡಿಕೆ ತುಂಬಿಸಿ. ಆಮೇಲೆ ಬೇಕಂತಲೇ ಹೀಟರಿನ ಫ್ಯೂಸ್ ತೆಗೆದು ಇಪ್ಪತ್ತು ನಿಮಿಷ ಬಿಟ್ಟು ಪುನಃ ಹಾಕಿ, u_raw 2 ಮುಟ್ಟಿದ ಮೇಲೆ z ಏರದೆ ನಿಂತಿರ್ಬೇಕು. ಆ ಹೊತ್ತಲ್ಲೂ z ಏರ್ತಾ ಇದ್ರೆ stuck ಸಾಲಲ್ಲಿ ಚಿಹ್ನೆ ಎಲ್ಲೋ ತಿರುಗಿದೆ, ಲಾಗ್ ಕಳ್ಸಿ, ನೋಡುವ.